ಲಾಕರಿನ ಬಾಡಿಗೆಯೂ ಚಿನ್ನದ ವಿಮೆಯೂ

ವರ್ಷಕ್ಕೆ 3,000 ರೂಪಾಯಿ ಬಾಡಿಗೆಯ ಬ್ಯಾಂಕ್ ಲಾಕರಿನಲ್ಲಿ 20 ಲಕ್ಷ ರೂಪಾಯಿ ಬೆಲೆಯ ಆಭರಣಗಳನ್ನಿಟ್ಟ ಗೃಹಸ್ಥರು, ಅವು ಕಳವಾದರೆ ಬ್ಯಾಂಕು ಪೂರ್ಣ ಬೆಲೆಯನ್ನು ತೆತ್ತೀತೆಂದು ನಂಬಿ ನಿಶ್ಚಿಂತರಾಗಿರುವುದುಂಟು. ಆದರೆ 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ನಷ್ಟವೊದಗಿದಲ್ಲಿ ಬ್ಯಾಂಕಿನ ಹೊಣೆಯು ವಾರ್ಷಿಕ ಬಾಡಿಗೆಯ ನೂರು ಮಡಿಗೆ, ಎಂದರೆ ಇಲ್ಲಿ 3 ಲಕ್ಷಕ್ಕೆ, ಸೀಮಿತವಾದುದು; ಬ್ಯಾಂಕಿನ ತಪ್ಪಿಲ್ಲದೆ ಪ್ರವಾಹ, ಭೂಕಂಪಗಳಿಂದಾದ ಹಾನಿಗಾದರೋ ಅದೂ ಇಲ್ಲ. ಉಳಿದ 17 ಲಕ್ಷಕ್ಕೆ ವಿಮೆಯನ್ನು ನಾವೇ ಮಾಡಿಸತಕ್ಕದ್ದು. ಲಾಕರಿನೊಳಗೆ ಏನಿದೆಯೆಂಬುದನ್ನೇ ಅರಿಯದ ಬ್ಯಾಂಕು ಅದಕ್ಕೆ ವಿಮೆ ಮಾಡಿಸಲಾರದಷ್ಟೆ.

ಮನೆಯ ತಿಜೋರಿಗೆ ಬಾಡಿಗೆಯಿಲ್ಲವೆಂಬುದು ನಿಜ. ಆದರೂ ಅಪಾಯ ಅಧಿಕವಾದುದರಿಂದ ವಿಮೆಯ ಕಂತೂ ಸಾಮಾನ್ಯವಾಗಿ ಅಧಿಕ, ಮೇಲಾಗಿ ಮೌಲ್ಯಮಾಪನದ ಪತ್ರವಿಲ್ಲದೆ ಪರಿಹಾರ ದೊರೆಯುವುದು ಕಷ್ಟ. ಖಾಸಗಿ ವಾಲ್ಟ್ ಸೇವೆಗಳು ಬಹುಮಟ್ಟಿಗೆ ವಿಮೆಯನ್ನೂ ಒಳಗೊಂಡ ಶುಲ್ಕವನ್ನು ಚಿನ್ನದ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ವಿಧಿಸುವುದರಿಂದ, ಬೆಲೆ ಏರಿದಂತೆ ಶುಲ್ಕವೂ ಏರುವುದು. ಅಜ್ಜಿಯ ಕಾಸಿನ ಸರಕ್ಕಿಂತ ಗಟ್ಟಿಚಿನ್ನಕ್ಕೇ ಅವು ಒಗ್ಗುವಂಥವು. ಲಾಕರುಳ್ಳವರು ಪ್ರತಿ ಆಭರಣದ ತೂಕ, ಚಿತ್ರ, ರಸೀದಿಗಳನ್ನು ಲಾಕರಿನ ಹೊರಗೇ ಇಟ್ಟುಕೊಳ್ಳಿರಿ.