ಪಿ.ಎಫ್. ನಿಯಮ ಬದಲಾಯಿತು, ಲೈನಿಗೆ ಹೇಳುವವರು ಯಾರು?

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಎಂದರೆ ಹೊರಗಿನವರಿಗೆ ಎಸ್.ಎಂ. ಕೃಷ್ಣ ಅವರ ಊರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದು ಕೈಗಾರಿಕಾ ಪ್ರದೇಶ. ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ, ಹೊಲಿಗೆ ಯಂತ್ರದ ಮುಂದೆ ಕೂರುವ ಜಾಗ. ಇಲ್ಲಿನ ಟೈಲರ್‌ಗೋ ಹೆಲ್ಪರ್‌ಗೋ ಬ್ಯಾಂಕಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇರುವುದಿಲ್ಲ. ಇರುವುದು ಪಿ.ಎಫ್. ಒಂದೇ. ಮಗಳ ಮದುವೆಗೋ ಸಾಲಕ್ಕೋ ಕೆಲಸ ಬಿಡುವುದು, ಎರಡು ತಿಂಗಳು ಕಾದು ಹಣ ತೆಗೆಯುವುದು, ಮತ್ತೆ ಬೇರೆ ಕಾರ್ಖಾನೆಗೆ ಸೇರುವುದು ಇವರಿಗೆ ರೂಢಿ. ಹಾಗಾಗಿ ಪಿ.ಎಫ್. ನಿಯಮದಲ್ಲಿ ಒಂದು ಗೆರೆ ಆಚೀಚೆ ಆದರೂ ಅದು ಇವರ ಮನೆಯ ಲೆಕ್ಕವನ್ನೇ ಅಲುಗಿಸುತ್ತದೆ.

ಆ ಗೆರೆಯನ್ನು ಸರಿಯಾಗಿ ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು 2016 ತೋರಿಸಿತು. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣ ತೆಗೆಯಬಹುದು, ಮಾಲೀಕರ ಪಾಲು ಮಾತ್ರ 58 ವರ್ಷ ತುಂಬಿದ ಮೇಲೆ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಬಸ್ಸುಗಳು ಸುಟ್ಟುಹೋದವು, ಪೊಲೀಸರು ಲಾಠಿ ಬೀಸಿದರು. 19ರಂದು ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ವಾಪಸು ಪಡೆದರು.

ಬೀದಿಗೆ ಬಂದ ಬಹಳ ಮಂದಿಯ ತಲೆಯಲ್ಲಿದ್ದುದು ‘ಪಿ.ಎಫ್. ಪೂರ್ತಿ 58ಕ್ಕೆ’ ಎಂಬ ಸುದ್ದಿ. ನಿಜವಾಗಿ ತಡೆದದ್ದು ಎಷ್ಟು? ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 7,000 ರೂಪಾಯಿ ಎಂದು ಇಟ್ಟುಕೊಳ್ಳಿ. ನೌಕರಳಿಂದ ಶೇ 12, ಅಂದರೆ 840 ರೂಪಾಯಿ ಕಡಿತ. ಮಾಲೀಕನೂ 840 ಹಾಕುತ್ತಾನೆ, ಆದರೆ ಅದರಲ್ಲಿ ಶೇ 8.33, ಸುಮಾರು 583 ರೂಪಾಯಿ, ಪಿಂಚಣಿ ಖಾತೆಗೆ ಹೋಗುತ್ತದೆ. ಪಿ.ಎಫ್.ಗೆ ಬೀಳುವುದು ಉಳಿದ ಶೇ 3.67, ಅಂದರೆ 257 ರೂಪಾಯಿ. ಐದು ವರ್ಷ ದುಡಿದವಳಿಗೆ ಬಡ್ಡಿ ಬಿಟ್ಟು ತನ್ನ ಪಾಲು 50,400 ಸಿಗುತ್ತಿತ್ತು, 15,420 ಉಳಿದುಕೊಳ್ಳುತ್ತಿತ್ತು.

ಹದಿನೈದು ಸಾವಿರ ಅವಳಿಗೆ ಸಣ್ಣ ಮೊತ್ತವಲ್ಲ. ಲೆಕ್ಕ ಗೊತ್ತಿದ್ದರೂ ಸಿಟ್ಟು ಬರುತ್ತಿತ್ತು, ಬರಬೇಕಾದ್ದೇ. ಆದರೆ ಹದಿನೈದು ಸಾವಿರ ಸಿಕ್ಕಿಕೊಂಡಿದೆ ಎಂಬ ಸಿಟ್ಟು ಬೇರೆ, ಎಲ್ಲವೂ ಹೋಯಿತು ಎಂಬ ಗಾಬರಿ ಬೇರೆ. ಸಿಟ್ಟಾದವರ ಜೊತೆ ಕೂತು ಮಾತಾಡಬಹುದು. ಆದೇಶಕ್ಕೂ ಬೀದಿಗೂ ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲವಿತ್ತು. ಆ ಲೆಕ್ಕದ ಒಂದು ಚೀಟಿ ಸಂಬಳದ ಸ್ಲಿಪ್ಪಿನ ಜೊತೆ ಎರಡು ಸಲ ಹೋಗಬಹುದಿತ್ತು. ದೆಹಲಿಯೂ ಒಂದೇ ಮಾತಿಗೆ ನಿಲ್ಲಲಿಲ್ಲ: ಜಾರಿಯನ್ನು ಮೊದಲು ಏಪ್ರಿಲ್ 30ಕ್ಕೆ ಮುಂದೂಡಿತು, ಆಮೇಲೆ ಜುಲೈ 31 ಎಂದಿತು, ಕೊನೆಗೆ ರದ್ದು ಮಾಡಿತು. ಹೀಗೆ ದಿನಾಂಕ ಜಾರುತ್ತಾ ಹೋದರೆ ಕೇಳುವವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುವುದು ಸಹಜ.

2025ರ ಅಕ್ಟೋಬರ್ 13ರಂದು ಇಂಥದೇ ಸಂದರ್ಭ ಮತ್ತೆ ಬಂತು. ಇ.ಪಿ.ಎಫ್.ಒ. ಕೇಂದ್ರ ಮಂಡಳಿ ಹಣ ಹಿಂಪಡೆಯುವ 13 ಬಗೆಯ ನಿಯಮಗಳನ್ನು ಮೂರಕ್ಕೆ ಇಳಿಸಿ, ಶೇ 25ರಷ್ಟು ಖಾತೆಯಲ್ಲಿ ಉಳಿಯಬೇಕೆಂದು ತೀರ್ಮಾನಿಸಿತು. ಕೆಲಸ ಹೋದರೆ ಶೇ 75 ಕೂಡಲೇ, ಉಳಿದದ್ದು 12 ತಿಂಗಳ ನಂತರ. ಪಿಂಚಣಿ ಹಣಕ್ಕೆ ಎರಡು ತಿಂಗಳ ಬದಲು 36 ತಿಂಗಳ ಕಾಯುವಿಕೆ. ಮೊಬೈಲುಗಳಲ್ಲಿ ಓಡಿದ್ದು ‘ಪಿ.ಎಫ್. ಲಾಕ್’ ಎಂಬ ಎರಡು ಪದ. ಸಚಿವಾಲಯ ಸ್ಪಷ್ಟನೆಯ ಮೇಲೆ ಸ್ಪಷ್ಟನೆ ಕೊಡಬೇಕಾಯಿತು.

ಆ ವಾರ ಸೋಮನಹಳ್ಳಿಯ ಒಂದು ಕಾರ್ಖಾನೆಯ ಎಚ್.ಆರ್. ವಿಭಾಗಕ್ಕೆ ನೋಟಿಸು ಬರೆಯುವ ಕೆಲಸ ಬಿದ್ದಿದೆ ಎಂದುಕೊಳ್ಳೋಣ. ‘ಎಲ್ಲಾ ನೌಕರರ ಗಮನಕ್ಕೆ, ಮಂಡಳಿಯ 238ನೇ ಸಭೆಯ ನಿರ್ಣಯದನ್ವಯ’ ಎಂದು ಶುರು ಮಾಡಿದರೆ ಎರಡನೇ ಸಾಲಿಗೆ ಯಾರೂ ಬರುವುದಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

‘ನಿಮ್ಮ ಪಿ.ಎಫ್. ಹಣ ನಿಮ್ಮ ಹೆಸರಿನಲ್ಲೇ ಇದೆ, ಬಡ್ಡಿಯೂ ಬರುತ್ತದೆ. ತಿಂಗಳ ಕಡಿತ ಬದಲಾಗಿಲ್ಲ. ಬದಲಾಗುತ್ತಿರುವುದು ಕೆಲಸ ಬಿಟ್ಟಾಗ ಹಣ ತೆಗೆಯುವ ಕ್ರಮ. ಖಾತೆಯಲ್ಲಿ 80,000 ಇದ್ದರೆ 60,000 ಕೂಡಲೇ ಸಿಗುತ್ತದೆ, 20,000ಕ್ಕೆ ಒಂದು ವರ್ಷ ಕಾಯಬೇಕು. ಮೊದಲು ಎರಡು ತಿಂಗಳಿಗೆ ಪೂರ್ತಿ ಸಿಗುತ್ತಿತ್ತು. ಪಿಂಚಣಿ ಹಣ ಇದರಲ್ಲಿ ಸೇರಿಲ್ಲ, ಅದಕ್ಕೆ ಮೂರು ವರ್ಷ ಕಾಯಬೇಕಾಗುತ್ತದೆ. ಇದು ಮಂಡಳಿಯ ತೀರ್ಮಾನ. ಜಾರಿಯ ದಿನಾಂಕ ಬಂದ ದಿನವೇ ಇದೇ ಬೋರ್ಡಿನಲ್ಲಿ ಹಾಕುತ್ತೇವೆ.’

ನಷ್ಟವನ್ನು ಇಲ್ಲಿ ಬಚ್ಚಿಟ್ಟಿಲ್ಲ. ಮೂರು ವರ್ಷದ ಮಾತನ್ನು ಬಿಟ್ಟು ‘ನಿಯಮ ಸರಳವಾಗಿದೆ’ ಎಂದಷ್ಟೇ ಬರೆದರೆ ಸಂಜೆಯ ಬಸ್ಸಿನೊಳಗೆ ಯಾರೋ ಅದನ್ನು ಹುಡುಕಿ ತೆಗೆಯುತ್ತಾರೆ, ಆಮೇಲೆ ಒಳ್ಳೆಯ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಹಾಗೆಯೇ ನಿಜಕ್ಕೂ ಅನುಕೂಲವಾದದ್ದನ್ನು ಹೇಳಲು ಸಂಕೋಚ ಬೇಡ: ಮದುವೆಗೆಂದು ಹಣ ತೆಗೆಯಲು ಮೊದಲು ಏಳು ವರ್ಷದ ಸೇವೆ ಬೇಕಿತ್ತು, ಹೊಸ ತೀರ್ಮಾನದಲ್ಲಿ ಒಂದು ವರ್ಷ ಸಾಕು.

ಇನ್ನು ಪ್ರಶ್ನೆಗಳು. ಎಚ್.ಆರ್. ಕೊಠಡಿಯಲ್ಲಿ ಕೂತು ಊಹಿಸಿದರೆ ‘ಯು.ಎ.ಎನ್. ಹೇಗೆ ತೆಗೆಯುವುದು’ ಎಂಬಂಥವೇ ಹೊಳೆಯುತ್ತವೆ. ಲೈನಿನಲ್ಲಿ ಮೊದಲು ಏಳುವ ಪ್ರಶ್ನೆ ಬೇರೆಯೇ: ‘ಈಗ್ಲೇ ಕೆಲ್ಸ ಬುಟ್ರೆ ಹಳೇ ಲೆಕ್ಕದಲ್ಲೇ ದುಡ್ಡು ಬತ್ತದಾ ಸಾ?’ ಇದಕ್ಕೆ ಉತ್ತರವಿಲ್ಲದ ನೋಟಿಸು ರಾಜೀನಾಮೆಗಳ ಸಾಲು ತರುತ್ತದೆ. ಜಾರಿಯ ದಿನಾಂಕ ಗೊತ್ತಿಲ್ಲದಾಗ ಭರವಸೆ ಕೊಡುವ ಹಾಗಿಲ್ಲ. ಆದರೆ ಇದನ್ನಂತೂ ಹೇಳಬಹುದು: ‘ಇವತ್ತು ಬಿಟ್ಟರೂ ಎರಡು ತಿಂಗಳು ಸಂಬಳವಿಲ್ಲದೆ ಕಾಯಬೇಕು. ಆ ನಡುವೆ ಹೊಸ ನಿಯಮ ಬಂದರೆ ಯಾವ ಲೆಕ್ಕ ಅನ್ವಯಿಸುತ್ತದೆಂದು ನಮಗೂ ಗೊತ್ತಿಲ್ಲ. ಪಿ.ಎಫ್. ಕಚೇರಿಗೆ ಬರೆದಿದ್ದೇವೆ, ಸೋಮವಾರ ಉತ್ತರ ಹೇಳುತ್ತೇವೆ.’ ಸೋಮವಾರ ಉತ್ತರ ಬಾರದಿದ್ದರೆ ಬಂದಿಲ್ಲವೆಂದು ಹೇಳಲಾದರೂ ಅದೇ ಹೊತ್ತಿಗೆ ಬಂದು ನಿಲ್ಲಬೇಕು.

ಎರಡನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಕಂಪನಿ ಮುಚ್ಚುತ್ತಾ ಇದೆಯಾ? 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಘಟಕವೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಲೇ-ಆಫ್ ಮಾಡಿದ್ದನ್ನು ಈ ಜಿಲ್ಲೆ ನೋಡಿದೆ. ಪಿ.ಎಫ್. ಮಾತು ಎದ್ದ ಕೂಡಲೇ ಆ ನೆನಪೂ ಏಳುತ್ತದೆ. ಯಾರೂ ಕೇಳಲಿಲ್ಲವೆಂದು ಸುಮ್ಮನಿರದೆ, ಇದು ದೇಶದ ಎಲ್ಲ ಪಿ.ಎಫ್. ಖಾತೆಗಳಿಗೆ ಬಂದ ನಿಯಮ, ಈ ಕಾರ್ಖಾನೆಗೆ ಸಂಬಂಧಿಸಿದ್ದಲ್ಲ ಎಂದು ಹೇಳಿಬಿಡಬೇಕು.

ಹೇಳುವ ಹೊತ್ತೂ ಮುಖ್ಯ. ಶನಿವಾರ ಸಂಜೆ ನೋಟಿಸು ಅಂಟಿಸಿ ಮನೆಗೆ ಹೋಗುವಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಭಾನುವಾರವಿಡೀ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ವಾರದ ನಡುವೆ ಬೆಳಿಗ್ಗೆ, ಯಂತ್ರ ಶುರುವಾಗುವ ಮುಂಚೆ, ಎಲ್ಲ ಬ್ಯಾಚಿಗೂ ಒಂದೇ ಹೊತ್ತಿಗೆ ಹತ್ತು ನಿಮಿಷ ಓದಿ ಹೇಳಿದರೆ ಇಡೀ ದಿನ ಪ್ರಶ್ನೆಗೆ ಸಿಗುತ್ತದೆ. ಸೂಪರ್‌ವೈಸರ್‌ಗಳಿಗೆ ಅರ್ಧ ಗಂಟೆ ಮೊದಲು ಗೊತ್ತಿರಬೇಕು. ಹಿಂದಿನ ದಿನವೇ ಗೊತ್ತಾದರೆ ಅಷ್ಟರೊಳಗೆ ಸುದ್ದಿ ಊರಿಗೆ ಹೋಗಿರುತ್ತದೆ, ಗೊತ್ತೇ ಇಲ್ಲದಿದ್ದರೆ ‘ನಂಗೂ ಗೊತ್ತಿಲ್ಲ ಕಣಮ್ಮ’ ಎಂಬ ಅವರ ಒಂದು ಮಾತಿಗೆ ನೋಟಿಸು ಬಿದ್ದುಹೋಗುತ್ತದೆ.

ಪಾಳಿ, ರಜೆ, ಭತ್ಯೆಯಂಥದನ್ನು ಕಂಪನಿಯೇ ಬದಲಿಸುವುದಾದರೆ ದಾರಿ ಬೇರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9-ಎ ಕಲಮು 21 ದಿನ ಮೊದಲು ನೋಟಿಸು ಕೊಡಬೇಕೆನ್ನುತ್ತಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಗಡುವು ಉಳಿದಿದೆ. ಆ 21 ದಿನವನ್ನು ಕಾಗದದ ಶಾಸ್ತ್ರವೆಂದು ಕಳೆಯುವವರೇ ಹೆಚ್ಚು. ಅದು ಪ್ರಶ್ನೆ ಕೇಳಿಸಿಕೊಳ್ಳಲು ಸಿಕ್ಕ ಸಮಯ.

ಹೇಳಿದ್ದು ತಲುಪಿತೇ ಎಂದು ತಿಳಿಯಲು ಸಹಿ ಹಾಕಿಸಿಕೊಂಡ ಪಟ್ಟಿ ಸಾಲದು. ಊಟದ ಹೊತ್ತಿನಲ್ಲಿ ಒಬ್ಬ ಹೆಲ್ಪರ್‌ನ ಪಕ್ಕ ಕೂತು, ‘ನಿನ್ನ ಖಾತೆಯಲ್ಲಿ ನಲವತ್ತು ಸಾವಿರ ಇದ್ದರೆ ಈಗ ಎಷ್ಟು ಬರುತ್ತದಮ್ಮ?’ ಎಂದು ಕೇಳಿ ನೋಡಬೇಕು. ಮೂವತ್ತು ಎಂದರೆ ಸರಿ. ‘ಏನೂ ಬರಾಕಿಲ್ವಂತೆ’ ಎಂದರೆ ಮಧ್ಯಾಹ್ನವೇ ಇನ್ನೊಮ್ಮೆ ಲೈನಿಗೆ ಹೋಗಬೇಕು, ಬಸ್ಸು ಹೊರಡುವ ಮುಂಚೆ.