ಮೊಳಕೆಗೆ ತೇವ ಬೇಕು, ನಿಂತ ನೀರು ಬೇಡ

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಕೇಳಿದವರಿಗೆ ಇಷ್ಟೇ ಹೇಳಿ ಮುಗಿಸುವವರು ಹೆಚ್ಚು. ಬಹಳಷ್ಟು ಸಲ ಇಷ್ಟು ಸಾಕಾಗುತ್ತದೆ ಕೂಡ. ಆದರೆ ಅದೇ ಅಂಗಡಿಯ ಕಾಳು, ಅದೇ ಬಟ್ಟೆ, ಅದೇ ಅಡುಗೆಮನೆಯಾದರೂ ಜನವರಿಯಲ್ಲಿ ಗಂಟು ಬಿಚ್ಚಿದರೆ ಮೊಳಕೆಯ ಸುಳಿವೇ ಇರುವುದಿಲ್ಲ, ಏಪ್ರಿಲ್‌ನಲ್ಲಿ ಬಿಚ್ಚಿದರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಕಾಳು ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದುಕೊಳ್ಳುವುದು ಸುಲಭ. ತಪ್ಪು ಬಹುಮಟ್ಟಿಗೆ ನೀರಿನ ಲೆಕ್ಕದಲ್ಲಿರುತ್ತದೆ.

ಒಣ ಕಾಳು ಸತ್ತದ್ದಲ್ಲ, ನಿದ್ದೆಯಲ್ಲಿರುವುದು. ನೀರಿಗೆ ಬಿದ್ದ ಮೇಲೆ ಅದು ಸುಮಾರು ತನ್ನ ತೂಕದಷ್ಟೇ ನೀರನ್ನು ಹೀರಿಕೊಂಡು ಉಬ್ಬುತ್ತದೆ. ಆಮೇಲೆ ಒಳಗಿನ ಜೀವ ಎಚ್ಚೆತ್ತು ಉಸಿರಾಡಲು ತೊಡಗುತ್ತದೆ, ಕೂಡಿಟ್ಟ ಪಿಷ್ಟವನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಈ ಹಂತದಲ್ಲಿ ಅದಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಉಬ್ಬಿದ ಕಾಳನ್ನು ಇನ್ನೂ ನೀರಿನಲ್ಲೇ ಮುಳುಗಿಸಿಟ್ಟರೆ ಉಸಿರುಕಟ್ಟುತ್ತದೆ, ಮೊಳಕೆಯ ಬದಲು ಹುಳಿ ಬರುತ್ತದೆ. ನೆನೆಹಾಕಿದ ಪಾತ್ರೆಯ ಮೇಲೆ ನೊರೆ ಕಟ್ಟಿ, ನೀರು ಘಾಟು ಹೊಡೆಯುತ್ತಿದ್ದರೆ ಕಾಳು ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂತಿದೆ ಎಂದರ್ಥ.

ಒಂದು ಪಾವಿನಷ್ಟು, ಅಂದರೆ ಸುಮಾರು 200 ಗ್ರಾಂ ಹೆಸರುಕಾಳನ್ನೇ ತೆಗೆದುಕೊಳ್ಳೋಣ. ಭಾನುವಾರ ಮಧ್ಯಾಹ್ನದ ಊಟಕ್ಕೆ ಮೊಳಕೆಕಾಳಿನ ಸಾರು ಬೇಕೆಂದರೆ ಕೆಲಸ ಶುಕ್ರವಾರ ರಾತ್ರಿಯೇ ಶುರುವಾಗಬೇಕು. ಮೊದಲು ಕಾಳನ್ನು ಮೊರದಲ್ಲೋ ತಟ್ಟೆಯಲ್ಲೋ ಹರಡಿ ಕಲ್ಲು, ಹುಳು ತಿಂದದ್ದು, ಒಡೆದದ್ದು ಇವನ್ನೆಲ್ಲ ಆರಿಸಿ ತೆಗೆಯುವುದು. ಒಡೆದ ಕಾಳು ಮೊಳೆಯುವುದಿಲ್ಲ, ಬರೀ ನೆನೆದು ಮೆತ್ತಗಾಗಿ ಮೊದಲು ಕೊಳೆಯುವುದೂ ಅದೇ. ಹೆಸರುಬೇಳೆ ಎಷ್ಟು ನೆನೆಸಿದರೂ ಮೊಳೆಯದಿರುವುದಕ್ಕೆ ಕಾರಣವೂ ಇದೇ: ಬೇಳೆ ಒಡೆಯುವಾಗಲೇ ಮೊಳಕೆಯ ಮೂತಿ ಕಳಚಿಹೋಗಿರುತ್ತದೆ.

ಎರಡು ಮೂರು ಸಲ ತೊಳೆದು, ಕಾಳಿನ ನಾಲ್ಕರಷ್ಟು ಕುಡಿಯುವ ನೀರು ಹಾಕಿಟ್ಟರೆ ಎಂಟರಿಂದ ಹತ್ತು ಗಂಟೆಯಲ್ಲಿ ನೆನೆಯುತ್ತದೆ. ಶನಿವಾರ ಬೆಳಿಗ್ಗೆ ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿದರೆ ಸಿಪ್ಪೆ ಜಾರಬೇಕು, ಕಾಳು ಎರಡು ಹೋಳಾಗಬೇಕು, ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿರಬಾರದು. ಆ ರಾಶಿಯಲ್ಲೇ ಒಂದಿಷ್ಟು ಕಾಳು ಸ್ವಲ್ಪವೂ ಉಬ್ಬದೆ ಹಾಗೇ ಇರುತ್ತವೆ. ಅವುಗಳ ಸಿಪ್ಪೆ ನೀರನ್ನು ಒಳಗೆ ಬಿಟ್ಟುಕೊಂಡಿಲ್ಲ. ಇನ್ನೊಂದು ರಾತ್ರಿ ನೆನೆಸಿದರೆ ಅವು ಮೊಳೆಯಬಹುದು, ಆದರೆ ಅವಕ್ಕಾಗಿ ಕಾದರೆ ಉಳಿದದ್ದು ಕೆಡುತ್ತದೆ. ಈಗಲೇ ಆರಿಸಿ ತೆಗೆದರೆ ಊಟದ ಹೊತ್ತಿಗೆ ಹಲ್ಲಿಗೆ ಸಿಗುವುದಿಲ್ಲ.

ಬಸಿಯುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ತೂತಿನ ಪಾತ್ರೆಗೆ ಸುರಿದು, ಇನ್ನೊಮ್ಮೆ ತೊಳೆದು, ಓರೆಯಾಗಿ ಹತ್ತು ಹದಿನೈದು ನಿಮಿಷ ಬಿಟ್ಟರೆ ತಳದಲ್ಲಿ ನಿಂತ ನೀರೂ ಇಳಿಯುತ್ತದೆ. ಆಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಹತ್ತಿಬಟ್ಟೆ. ಹಿಂಡಿದ ಬಟ್ಟೆ ಮುಟ್ಟಿದರೆ ತಣ್ಣಗಿರಬೇಕು, ಹನಿ ತೊಟ್ಟಿಕ್ಕಬಾರದು. ತೇವದ ಅಳತೆ ಇಷ್ಟೇ. ಗಂಟನ್ನು ಬಿಗಿದು ಕಟ್ಟಿ ಡಬ್ಬಿಯೊಳಗೆ ಮುಚ್ಚಿಡುವುದು ಅನೇಕರ ಅಭ್ಯಾಸ. ಹಾಗೆ ಮಾಡಿದರೆ ಗಂಟಿನ ನಡುವಿನ ಕಾಳಿಗೆ ಗಾಳಿ ಸಿಗುವುದಿಲ್ಲ. ಮೊಳೆಯುವ ಕಾಳು ತಾನೇ ಶಾಖ ಹುಟ್ಟಿಸುತ್ತದೆ. ದೊಡ್ಡ ಗಂಟಿನ ಒಳಗೆ ಕೈಯಿಟ್ಟರೆ ಬೆಚ್ಚಗೆ ತಾಗುವುದು ಇದರಿಂದಲೇ. ಹೊರಗಿನದು ಚೆನ್ನಾಗಿ ಮೊಳೆತು ನಡುವಿನದು ಲೋಳೆಯಾಗುವುದೂ ಇದರಿಂದಲೇ. ಗಂಟು ಸಡಿಲವಾಗಿರಲಿ. ಕಾಳು ಹೆಚ್ಚಿದ್ದರೆ ಎರಡು ಗಂಟು ಮಾಡುವುದು ಮೇಲು, ಇಲ್ಲವೇ ಜಾಲರಿಯ ಮೇಲೆ ಎರಡು ಬೆರಳಿನ ದಪ್ಪಕ್ಕೆ ಹರಡಿ ಒದ್ದೆಬಟ್ಟೆ ಮುಚ್ಚಬಹುದು.

ಶನಿವಾರ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕಾಳಿಗೆ ನೀರು ಹಾಯಿಸಿ ಮತ್ತೆ ಚೆನ್ನಾಗಿ ಬಸಿಯಬೇಕು. ಹೀಗೆ ತೊಳೆದರೆ ಕಾಳು ಒಣಗುವುದಿಲ್ಲ, ಒಳಗಿನ ಶಾಖ ಇಳಿಯುತ್ತದೆ, ಮೇಲೆ ಕೂತ ಲೋಳೆ ಹೋಗುತ್ತದೆ. ಶನಿವಾರ ಸಂಜೆಗೆ ಬಿಳಿ ಮೂತಿ ಕಾಣಿಸಿಕೊಂಡು, ಭಾನುವಾರ ಬೆಳಿಗ್ಗೆ ಮೊಳಕೆ ಕಾಳಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ಉದ್ದವಿರುತ್ತದೆ. ಸಾರಿಗೆ, ಉಸಲಿಗೆ, ಪಲ್ಯಕ್ಕೆ ಈ ಉದ್ದ ಸಾಕು. ಚೀನೀ ಅಡುಗೆಯಲ್ಲಿ ಬರುವ ಬೆರಳುದ್ದದ ಮೊಳಕೆಯೂ ಹೆಸರಿನದೇ, ಆದರೆ ಅದನ್ನು ಕತ್ತಲಲ್ಲಿ ನಾಲ್ಕೈದು ದಿನ ಬೆಳೆಸುತ್ತಾರೆ. ಮನೆಯ ಬಟ್ಟೆಗಂಟಿನಲ್ಲಿ ಅಷ್ಟು ದಿನ ಇಡಲು ಹೊರಟರೆ ಮೊಳಕೆಗಿಂತ ಮುಂಚೆ ವಾಸನೆ ಬೆಳೆಯುತ್ತದೆ.

ಈ ವೇಳಾಪಟ್ಟಿ ಬೆಂಗಳೂರು, ಮೈಸೂರಿನ ಸಾಧಾರಣ ಹವೆಯದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆರು ಗಂಟೆ ನೆನೆದರೆ ಸಾಕು, ತೊಳೆಯುವುದು ಮಾತ್ರ ಇನ್ನೊಂದು ಸಲ ಹೆಚ್ಚು. ಮಡಿಕೇರಿಯ ಚಳಿಯಲ್ಲಿ ಅರ್ಧ ದಿನವೋ ಒಂದು ದಿನವೋ ಹೆಚ್ಚು ಬೇಕಾದೀತು. ಹೆಸರು ಬೆಚ್ಚನೆಯ ಕಾಲದ ಬೆಳೆ. ಗದಗ, ಧಾರವಾಡದ ಕಡೆ ಮುಂಗಾರು ಶುರುವಾಗುತ್ತಲೇ ಬಿತ್ತುತ್ತಾರೆ. ಮಸೂರ ಹಾಗಲ್ಲ, ಅದು ಉತ್ತರ ಭಾರತದ ಹಿಂಗಾರಿ ಬೆಳೆ, ತಂಪಿನಲ್ಲೂ ಸಲೀಸಾಗಿ ಮೊಳೆಯುತ್ತದೆ. ಹೆಸರು ಸತಾಯಿಸುವ ಚಳಿಗಾಲದಲ್ಲಿ ಮಸೂರವನ್ನು ಕಟ್ಟುವುದು ಜಾಣತನ. ಆದರೆ ಅಂಗಡಿಯಲ್ಲಿ ಸಿಗುವ ಕೇಸರಿ ಬಣ್ಣದ ಮಸೂರ ಸಿಪ್ಪೆ ತೆಗೆದದ್ದು, ಅದನ್ನು ನಂಬಿ ಕೂರಬಾರದು. ಕಂದುಬಣ್ಣದ, ಸಿಪ್ಪೆಯಿರುವ ಇಡೀ ಕಾಳೇ ಬೇಕು. ಮಸೂರ ಚಪ್ಪಟೆಯಾಗಿರುವುದರಿಂದ ಒಂದಕ್ಕೊಂದು ಅಂಟಿ ಹೆಚ್ಚು ನೀರು ಹಿಡಿದುಕೊಳ್ಳುತ್ತದೆ. ಬಸಿಯುವಾಗ ಪಾತ್ರೆಯನ್ನು ನಾಲ್ಕು ಸಲ ಕುಲುಕಬೇಕು.

ಬಿತ್ತನೆಗೆಂದು ಮಾರುವ ಬೀಜವನ್ನು ಮಾತ್ರ ಅಡುಗೆಮನೆಗೆ ತರಲೇಬಾರದು. ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ, ಗುರುತಿಗೆಂದು ಎಷ್ಟೋ ಸಲ ಗುಲಾಬಿ ಬಣ್ಣವೂ ಇರುತ್ತದೆ. ತೊಳೆದರೆ ಹೋಗುವಂಥದ್ದಲ್ಲ.

ಎರಡನೆಯ ದಿನ ಮೊಳಕೆಯ ಮೇಲೆ ಬಿಳಿ ನವಿರು ಕಂಡು ಬೂಷ್ಟು ಬಂತೆಂದು ಇಡೀ ಗಂಟನ್ನೇ ಎಸೆದವರಿದ್ದಾರೆ. ನವಿರು ಬೇರಿನ ಸುತ್ತ ಮಾತ್ರ ಇದ್ದು, ನೀರು ಹಾಯಿಸಿದೊಡನೆ ಬೇರಿಗೆ ಅಂಟಿ ಮಾಯವಾದರೆ ಅದು ಬೇರಿನದೇ ಕೂದಲು. ಬೂಷ್ಟು ಹಾಗಲ್ಲ, ಕಾಳಿನಿಂದ ಕಾಳಿಗೆ ಬಲೆಯಂತೆ ಹಬ್ಬುತ್ತದೆ, ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ, ಮುಗ್ಗಲು ನಾರುತ್ತದೆ. ಆಗ ಮೇಲಿನದಷ್ಟನ್ನೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಲೆಕ್ಕ ಬೇಡ.

ಕಣ್ಣಿಗೂ ಮೂಗಿಗೂ ಸಿಕ್ಕುವ ಕೆಡುಕು ಇಷ್ಟು. ಸಿಗದಿರುವುದು ಇನ್ನೊಂದಿದೆ. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಸಾವಿರಾರು ಜನ ರಕ್ತಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರ ಮೂತ್ರಪಿಂಡವೇ ಕೈಕೊಟ್ಟಿತು. ಕಾರಣ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಉಗ್ರ ತಳಿ. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಗುಮಾನಿ ಬಂದು, ಅಲ್ಲಿನ ರೈತರು ಬೆಳೆಯನ್ನೆಲ್ಲ ಸುರಿಯಬೇಕಾಯಿತು. ಸಲಾಡಿನ ಮೇಲೆ ಅಲಂಕಾರಕ್ಕೆ ಉದುರಿಸಿದ್ದ ಹಸಿ ಮೊಳಕೆಯನ್ನು ತಿಂದದ್ದು ಎಷ್ಟೋ ಜನರಿಗೆ ನೆನಪೇ ಇರಲಿಲ್ಲ. ಕೊನೆಗೆ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮೊಳಕೆ ಬೆಳೆಸುವ ಒಂದು ತೋಟ. ಅದರ ಹಿಂದೆ, ಈಜಿಪ್ಟಿನಿಂದ ಬಂದಿದ್ದ ಮೆಂತ್ಯಕಾಳು. ಸತ್ತವರು 50ಕ್ಕೂ ಹೆಚ್ಚು.

ಕಾರ್ಖಾನೆಯ ಮೊಳಕೆಯ ಕತೆ ಅದು, ಮನೆಯದಕ್ಕೆ ಭಯವಿಲ್ಲ ಎಂದುಕೊಳ್ಳಬಹುದು. ಆದರೆ ಅದೇ ಜೂನ್‌ನಲ್ಲಿ ಫ್ರಾನ್ಸಿನ ಬೊರ್ಡೊ ಪಕ್ಕದ ಊರೊಂದರಲ್ಲಿ ಮಕ್ಕಳ ಕೇಂದ್ರದ ಸಮಾರಂಭಕ್ಕೆ ಬಂದವರಿಗೂ ಇದೇ ರೋಗ ತಗಲಿತು. ಅಲ್ಲಿ ಬಡಿಸಿದ್ದ ಮೊಳಕೆಯನ್ನು ಅಂಗಡಿಯಿಂದ ಕಾಳು ತಂದು ತಾವೇ ಬೆಳೆಸಿದ್ದರು. ಎರಡೂ ಕಡೆಗೆ ಸಮಾನವಾಗಿದ್ದದ್ದು ಮೆಂತ್ಯಕಾಳು. ಕಾಳು ಹೊಲದಲ್ಲಿ, ಕಣದಲ್ಲಿ, ಗೋದಾಮಿನಲ್ಲಿ ಎಲ್ಲೋ ಒಂದು ಕಡೆ ಸಗಣಿ, ಇಲಿ, ಕೊಳಕು ನೀರಿನ ಸಂಪರ್ಕಕ್ಕೆ ಬಂದಿದ್ದರೆ ಬ್ಯಾಕ್ಟೀರಿಯಾ ಸಿಪ್ಪೆಯ ಬಿರುಕಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಒಣಗಿರುವವರೆಗೆ ಅದು ಹೆಚ್ಚುವುದಿಲ್ಲ. ಮೊಳಕೆಗೆಂದು ನಾವು ಒದಗಿಸುವ ತೇವ, ಬೆಚ್ಚಗಿನ ಜಾಗ, ಕಾಳಿನಿಂದ ಸೋರುವ ಸಕ್ಕರೆ ಸಿಕ್ಕಿದ ಮೇಲೆ ಎರಡೇ ದಿನದಲ್ಲಿ ಲಕ್ಷ, ಕೋಟಿಗೆ ಏರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಕೈ, ಪಾತ್ರೆ, ಬಟ್ಟೆ ಚೊಕ್ಕಟವಾಗಿದ್ದರೆ ಹೊಸ ಕೊಳೆ ಸೇರುವುದಿಲ್ಲವಷ್ಟೇ. ಬಳಸುವ ಬಟ್ಟೆಯನ್ನು ಪ್ರತಿ ಸಲವೂ ಕುದಿಸಿ ಒಣಗಿಸಬೇಕು. ಕಾಳಿನೊಳಗೇ ಬಂದದ್ದನ್ನು ತೊಳೆದು ತೆಗೆಯಲಾಗದು.

ಅದನ್ನು ಕೊಲ್ಲುವುದು ಬೆಂಕಿ. ಬೇಯಿಸಿದರೆ ಸಿ ಜೀವಸತ್ವ ಹೋಗುವುದಿಲ್ಲವೇ ಎಂಬುದು ಹಸಿ ಮೊಳಕೆಯ ಪಕ್ಷಪಾತಿಗಳ ಮೊದಲ ಪ್ರಶ್ನೆ. ಒಣ ಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ಸಿ ಜೀವಸತ್ವ ಮೊಳೆಯುವಾಗ ಹುಟ್ಟುತ್ತದೆ ಎಂಬುದು ನಿಜ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಹೆಸರು ಮೊಳಕೆಯಲ್ಲಿ ಅದು ಸುಮಾರು 13 ಮಿಲಿಗ್ರಾಂ, ಬೇಯಿಸಿದ್ದರಲ್ಲಿ ಸುಮಾರು 11. ಎರಡು ಮಿಲಿಗ್ರಾಮಿಗೋಸ್ಕರ ಹೊಟ್ಟೆಯನ್ನು ಪಣಕ್ಕಿಡುವ ಬದಲು ಊಟದ ಜೊತೆಗೆ ಒಂದು ಹೋಳು ಸೀಬೆಹಣ್ಣು ತಿಂದರೆ ಅದರ ಎಷ್ಟೋ ಪಟ್ಟು ಸಿಗುತ್ತದೆ.

ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದಲೋ ಔಷಧಿಯಿಂದಲೋ ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ಉಳಿದವರಿಗೂ ಬೇಯಿಸಿದ್ದೇ ಕ್ಷೇಮ. ಒಗ್ಗರಣೆಯಲ್ಲಿ ಒಮ್ಮೆ ಆಡಿಸಿ ಇಳಿಸಿದರೆ ಬೆಂದಂತಲ್ಲ. ಕಾಳು ಒಳಗಿನವರೆಗೂ ಹಬೆಯಾಡುವಷ್ಟು ಬಿಸಿಯಾಗಬೇಕು. ಮೊಳೆತ ಹೆಸರು ಬೇಗ ಬೇಯುತ್ತದೆ, ಕುದಿಯುವ ನೀರಿನಲ್ಲಿ ಐದಾರು ನಿಮಿಷ, ಕುಕ್ಕರಿನಲ್ಲಾದರೆ ಒಂದು ಸೀಟಿ. ಕೋಸಂಬರಿಗೆ ಬೇಕೆಂದರೆ ಹೀಗೆ ಬೇಯಿಸಿ ಆರಿಸಿ, ಸೌತೆಕಾಯಿ, ಕಾಯಿತುರಿ, ನಿಂಬೆರಸ ಬೆರೆಸಬಹುದು. ಕಾಳಿನ ಕಚಕು ಪೂರ್ತಿ ಹೋಗುವುದಿಲ್ಲ.

ಭಾನುವಾರ ಮಿಕ್ಕ ಮೊಳಕೆಯನ್ನು ಫ್ರಿಜ್ಜಿನಲ್ಲಿಡುವ ಮುಂಚೆ ಒಣಬಟ್ಟೆಯ ಮೇಲೆ ಹರಡಿ ಮೇಲಿನ ನೀರು ಆರಿಸಬೇಕು. ಒದ್ದೆಯದು ಬೇಗ ಲೋಳೆಯಾಗುತ್ತದೆ. ತಣ್ಣಗಿನ ಅಂಕಣದಲ್ಲಿಟ್ಟರೆ ಎರಡು ಮೂರು ದಿನ ಬರುತ್ತದೆ, ತಂಪಿನಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲವಾದ್ದರಿಂದ ಆಮೇಲೂ ಬೇಯಿಸಿಯೇ ತಿನ್ನಬೇಕು. ಇದೇ ವಿಧಾನದಲ್ಲಿ ಹುರುಳಿ, ಮಡಕಿ, ಕಡಲೆಯನ್ನೂ ಕಟ್ಟಬಹುದು, ಕಡಲೆಗೆ ಸಮಯ ತುಸು ಹೆಚ್ಚು. ರಾಜ್ಮಾ ಮಾತ್ರ ಬೇರೆ: ಅದರ ಹಸಿ ಕಾಳಿನಲ್ಲಿ ವಾಂತಿಭೇದಿ ತರಿಸುವ ವಿಷವಿದೆ, ಮೊಳಕೆ ಬರಿಸಿದರೂ ಅದು ಹೋಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ.