ವಿಡಿಯೊ ನಿಲ್ಲಿಸಿ, ಪೆನ್ನು ಹಿಡಿಯಿರಿ

ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಪುನರಾವರ್ತನೆಯ ವಿಡಿಯೊ ಸರಣಿ ಮಾಡಹೊರಟವರು ಎಷ್ಟೋ ಸಲ ಇಡೀ ಪಾಠವನ್ನೇ ಮತ್ತೊಮ್ಮೆ ಒಪ್ಪಿಸಿಬಿಡುತ್ತಾರೆ. ನೋಡುವಾಗ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಪೆನ್ನು ಓಡುವುದಿಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಮಾತ್ರ, ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರದೇ ಮೇಲುಗೈ.

ಹಾಗಾಗಿ ಪ್ರತಿ ಕಂತೂ ಪ್ರಶ್ನೆಯಿಂದಲೇ ಶುರುವಾಗುವುದು ಲೇಸು. ಸಮಾಂತರ ಶ್ರೇಢಿಯನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ 5, 8, 11... ಇದರ 20ನೇ ಪದ ಯಾವುದು? 'ವಿಡಿಯೊ ನಿಲ್ಲಿಸಿ, ಬರೆದು ನೋಡಿ' ಎನ್ನಬೇಕು. ಆಮೇಲೆ ಉತ್ತರ: 5 + 19 × 3 = 62. ಆದರೆ ಕೆಲವರ ಹಾಳೆಯಲ್ಲಿ 65 ಇರುತ್ತದೆ, 19ರ ಬದಲು 20ರಿಂದ ಗುಣಿಸಿರುತ್ತಾರೆ. ಮೊದಲ ಪದ ಆಗಲೇ ಕೈಯಲ್ಲಿದೆ, 20ನೆಯದನ್ನು ಮುಟ್ಟಲು 19 ಹೆಜ್ಜೆ ಸಾಕು ಎಂದು ಬಿಡಿಸಿ ತೋರಿಸುವುದೇ ಈ ಕಂತಿನ ತಿರುಳು. ಹಿನ್ನೆಲೆ ಸಂಗೀತ ಇಲ್ಲದಿದ್ದರೂ ನಡೆದೀತು.

ವೇಳಾಪಟ್ಟಿಯನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ ಬರೆಯಬೇಕು. ಇದೇ ಬಗೆಯ ಲೆಕ್ಕ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಬೇರೆ ಪಾಠದ ಕಂತಿನ ಆರಂಭದಲ್ಲಿ ಇಣುಕಲಿ. ಅಂಕಿಗಳಷ್ಟೇ ಬದಲಾಗಲಿ, 7, 11, 15ರ 16ನೇ ಪದದಂತೆ.

ಬಿಡುಗಡೆಗೆ ಮುನ್ನ ನಾಲ್ಕೈದು ಮಕ್ಕಳಿಗೆ ತೋರಿಸಿ, ಅವರ ನೋಟ್‌ಬುಕ್ ನೋಡಬೇಕು. ಹಾಳೆ ಖಾಲಿಯಿದ್ದರೆ, ಉತ್ತರ ಬೇಗ ಬಂದುಬಿಟ್ಟಿದೆ ಎಂದೇ ಅರ್ಥ.